ಕ್ರೋಮೋಸೋಮ್ ಎಣಿಸಲು ಮೂರು ದಾರಿ: ಕೋಷ್ಟಕ, n–C ಲೆಕ್ಕ, ಟಿಚ್ ಬಟನ್

ಈರುಳ್ಳಿ ಬೇರಿನ ತುದಿಯ ಒಂದು ಜೀವಕೋಶದಲ್ಲಿ 16 ಕ್ರೋಮೋಸೋಮ್ ಇರುತ್ತವೆ. ಅದೇ ಕೋಶ ಎರಡಾಗಲು ಹೊರಟು, ಮೈಟೋಸಿಸ್‌ನ ಅನಾಫೇಸಿಗೆ, ಅಂದರೆ ಕ್ರೋಮೋಸೋಮುಗಳು ಎರಡು ತುದಿಗೆ ಸರಿಯುವ ಹಂತಕ್ಕೆ ಬಂದಾಗ ಎಷ್ಟಿರುತ್ತವೆ?

ಪಿಯುಸಿ ಓದುತ್ತಿರುವ ಅಕ್ಕನ ಮಗಳು ದಸರಾ ರಜಕ್ಕೆ ಮನೆಗೆ ಬಂದಾಗ ಈ ಪ್ರಶ್ನೆ ಹಿಡಿದುಕೊಂಡೇ ಬಂದಳು. ಅವಳ ಉತ್ತರ 16. ಅವಳ ಗೆಳತಿಯದು 32. ಟ್ಯೂಷನ್‌ನಲ್ಲಿ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ 4n ಅಂತ ಇತ್ತು. "ಮಾಮ, ಈ ಮೂರರಲ್ಲಿ ಯಾವುದು ಸರಿ?" ಎಂದಳು. ಎರಡು ಸರಿ, ಅದೂ ಎರಡೂ ಒಂದೇ ಎಂದೆ. ಅವಳಿಗೆ ಇನ್ನೂ ಸಿಟ್ಟು ಬಂತು.

ಬಿಎಸ್ಸಿ ಓದುವಾಗ ನಾನೂ ಇಲ್ಲೇ ಎಡವಿದ್ದೆ. ಹಾಗಾಗಿ ಆ ವಾರ ಮೂರು ದಾರಿಗಳನ್ನೂ ಅವಳ ಜೊತೆ ಕೂತು ಒಂದೊಂದಾಗಿ ಹಿಡಿದು ನೋಡಿದೆ. ಪರೀಕ್ಷೆಗೆ ಇಟ್ಟುಕೊಂಡ ಪ್ರಶ್ನೆಗಳು ಮೂರೇ. ಈರುಳ್ಳಿಯ ಮೈಟೋಸಿಸ್ ಅನಾಫೇಸ್. ಈರುಳ್ಳಿಯ ಮಿಯೋಸಿಸ್‌ನ, ಅಂದರೆ ಸಂತಾನದ ಕೋಶಗಳಿಗಾಗಿ ಎರಡು ಸಲ ಆಗುವ ವಿಭಜನೆಯ, ಮೊದಲ ಅನಾಫೇಸ್. ಕೊನೆಯದು ಒಂದು ಮಿಡತೆಯದು, ಅದನ್ನು ಆಮೇಲೆ ಹೇಳುತ್ತೇನೆ. ಪ್ರತಿ ಸಲವೂ ಒಂದು ಕೋಶದಲ್ಲಿ ಕ್ರೋಮೋಸೋಮ್ ಎಷ್ಟು, ಕ್ರೊಮ್ಯಾಟಿಡ್ ಎಷ್ಟು, ಡಿಎನ್‌ಎ ಅಣು ಎಷ್ಟು ಎಂದು ಹೇಳಬೇಕು.

ಮೊದಲು ಕೋಷ್ಟಕ. ಎಡಗಡೆ ಹಂತಗಳ ಹೆಸರು, ಬಲಗಡೆ ಮೂರು ಸಾಲು ಅಂಕಿ. ಎಲ್ಲ ಗೈಡುಗಳಲ್ಲೂ ಇರುತ್ತದೆ. ಅವಳು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳು, ಒಂದೂ ತಪ್ಪಿಲ್ಲ. ಮಾರನೇ ದಿನ ಬೆಳಿಗ್ಗೆ ಕೇಳಿದರೆ ಎರಡು ಅನಾಫೇಸುಗಳು ಅದಲುಬದಲು. ಅವಳು ಕಲಿತ ಕೋಷ್ಟಕ ಮನುಷ್ಯನದು, 46ರ ಲೆಕ್ಕದ್ದು. ಈರುಳ್ಳಿಗೆ ಬಂದ ಕೂಡಲೇ ಪ್ರತಿ ಸಾಲನ್ನೂ ಮತ್ತೆ ಲೆಕ್ಕ ಹಾಕಬೇಕು. ಅಷ್ಟು ಮಾಡಲು ಬರುತ್ತಿದ್ದರೆ ಕೋಷ್ಟಕವೇ ಬೇಡ, ಅಲ್ವಾ? ಇನ್ನೊಂದು ತೊಂದರೆ ಅವಳ ಎರಡು ಗೈಡುಗಳನ್ನು ಪಕ್ಕದಲ್ಲಿಟ್ಟಾಗ ಕಂಡಿತು. ಟೀಲೋಫೇಸಿಗೆ ಒಂದರಲ್ಲಿ 46 ಇದೆ, ಇನ್ನೊಂದರಲ್ಲಿ 92. ಒಂದು ನ್ಯೂಕ್ಲಿಯಸ್ ಲೆಕ್ಕ ಹೇಳುತ್ತಿದೆ, ಇನ್ನೊಂದು ಇಡೀ ಕೋಶದ ಲೆಕ್ಕ. ಟೀಲೋಫೇಸಿನಲ್ಲಿ ನ್ಯೂಕ್ಲಿಯಸ್ ಎರಡಾಗಿರುತ್ತವೆ, ಕೋಶ ಮಾತ್ರ ಇನ್ನೂ ಪೂರ್ತಿ ಎರಡಾಗಿರುವುದಿಲ್ಲ. ಯಾವುದನ್ನು ಎಣಿಸಿದ್ದೇವೆ ಎಂದು ಎರಡೂ ಬರೆದಿರಲಿಲ್ಲ.

ಕೋಷ್ಟಕದ ಬಗ್ಗೆ ಇಷ್ಟು ಸಾಕು.

ಎರಡನೆಯದು n ಮತ್ತು C ಲೆಕ್ಕ. ನನಗೆ ಕಾಲೇಜಿನಲ್ಲಿ ಇಷ್ಟವಾಗಿದ್ದು ಇದೇ. n ಅಂದರೆ ಪ್ರತಿ ಜೊತೆಯಿಂದ ಒಂದೊಂದರಂತೆ ತೆಗೆದ ಕ್ರೋಮೋಸೋಮುಗಳ ಸಂಖ್ಯೆ, ಈರುಳ್ಳಿಗೆ 8. C ಅಂದರೆ ಆ ಒಂದು ಸೆಟ್ಟಿನಲ್ಲಿ, ಇನ್ನೂ ನಕಲಾಗದೆ ಇರುವಾಗ, ಇರುವ ಡಿಎನ್‌ಎ ಪ್ರಮಾಣ. ಈ C ಅಕ್ಷರವನ್ನು 1950ರಲ್ಲಿ ಹ್ಯೂಸನ್ ಸ್ವಿಫ್ಟ್ ಬಳಕೆಗೆ ತಂದರು. G1 ಅಂದರೆ ಡಿಎನ್‌ಎ ನಕಲಾಗುವ ಮುಂಚಿನ ಹಂತ, S ಅಂದರೆ ಅದು ನಕಲಾಗುವ ಹಂತ. ಮೈಟೋಸಿಸ್ ಇದರಲ್ಲಿ ಒಂದೇ ಸಾಲಿಗೆ ಬರುತ್ತದೆ:

```
G1: 2n, 2C -> S ಮುಗಿದ ಮೇಲೆ: 2n, 4C -> ಅನಾಫೇಸ್: 4n, 4C -> ಮರಿಕೋಶ: 2n, 2C
```

ಜೆರಾಕ್ಸ್ ಹಾಳೆಯ 4n ಗೊಂದಲ ಇಲ್ಲೇ ಬಿಡಿಸಿಕೊಂಡಿತು. 4 × 8 = 32. ಗೆಳತಿ ಹೇಳಿದ್ದೂ ಅದನ್ನೇ. ಮೊದಲ ಪ್ರಶ್ನೆ ಪಾಸ್.

ಡಿಎನ್‌ಎ ಎಲ್ಲಿ ಹೆಚ್ಚುತ್ತದೆ, ಎಲ್ಲಿ ಇಳಿಯುತ್ತದೆ ಎಂಬ ಗ್ರಾಫ್ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. S ಹಂತದಲ್ಲಿ ಏರಿತು, ಕೋಶ ಹೋಳಾದಾಗ ಅರ್ಧವಾಯಿತು, ಮುಗಿಯಿತು. ಆದರೆ ನಮ್ಮ ಪ್ರಶ್ನೆ ಅಣುಗಳನ್ನು ಎಣಿಸು ಎಂದಿತ್ತು. ಅವಳು 4C ನೋಡಿ "4 ಡಿಎನ್‌ಎ ಅಣು" ಎಂದು ಬರೆದಳು. ನಗಬೇಡಿ, ನಾನೂ ಹಾಗೇ ಬರೆದಿದ್ದೆ. C ಪ್ರಮಾಣ ಹೇಳುತ್ತದೆ, ಸಂಖ್ಯೆ ಹೇಳುವುದಿಲ್ಲ. ಈರುಳ್ಳಿಯ ಒಂದು C ಒಳಗೆ 8 ಅಣು, ಹಾಗಾಗಿ 4Cಗೆ 32. ಕ್ರೊಮ್ಯಾಟಿಡ್ ಎಂಬ ಮಾತಂತೂ ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಮಿಯೋಸಿಸ್‌ನಲ್ಲಿ ಇದರ ಕುರುಡು ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡನೇ ಅನಾಫೇಸಿನಲ್ಲಿ ಕೋಶ 2n, 2C. ಈರುಳ್ಳಿಯಲ್ಲಿ 16 ಕ್ರೋಮೋಸೋಮ್, 16 ಅಣು. ಸುಮ್ನೆ ಕೂತಿರುವ G1 ಕೋಶದಲ್ಲೂ ಅಷ್ಟೇ 16, ಅಷ್ಟೇ 16. ಕಾಗದದ ಮೇಲೆ ಎರಡೂ ಒಂದೇ. ಆದರೆ ಅವು ಒಂದೇ ಕೋಶವಲ್ಲ. ಯಾಕೆ ಅಂತ n–C ಹೇಳುವುದಿಲ್ಲ.

ಮೂರನೆಯದಕ್ಕೆ ಅಮ್ಮನ ಹೊಲಿಗೆ ಡಬ್ಬಿ ತೆಗೆದೆವು. ರವಿಕೆಗೆ ಹಾಕುವ ಟಿಚ್ ಬಟನ್ ಇರುತ್ತವಲ್ಲ, ಒತ್ತಿದರೆ ಟಿಕ್ ಅಂತ ಕೂರುವಂಥವು, ಅವು. ಪ್ರತಿ ಅರ್ಧಕ್ಕೂ ಒಂದು ತುಂಡು ಉಲ್ಲನ್ ದಾರ ಕಟ್ಟಿದೆವು. ಬಟನ್ ಎಂದರೆ ಸೆಂಟ್ರೊಮಿಯರ್, ದಾರ ಎಂದರೆ ಡಿಎನ್‌ಎ ಅಣು. ತಾಯಿಯಿಂದ ಬಂದದ್ದು ಕೆಂಪು ದಾರ, ತಂದೆಯಿಂದ ಬಂದದ್ದು ಹಳದಿ. ಉಲ್ಲನ್ ದಾರವೇ ಎರಡು ಎಳೆ ಹೊಸೆದು ಮಾಡಿದ್ದು. ಇದೂ ಅನುಕೂಲಕ್ಕೇ ಬಂತು: ಡಿಎನ್‌ಎಯಲ್ಲೂ ಎರಡು ಎಳೆ, ಆದರೆ ಅಣು ಒಂದೇ. ಎಳೆಗಳನ್ನು ಎಣಿಸಿ ಒಂದು ಕ್ರೋಮೋಸೋಮಿಗೆ ನಾಲ್ಕು ಅಣು ಎನ್ನುವವರು ಎಷ್ಟೋ ಜನ.

ಇಲ್ಲಿ ಕೇಳಬೇಕಾದದ್ದು ಎರಡೇ ಮಾತು. ಬಿಡಿಯಾಗಿ ಕೈಗೆ ಬರುವ ಬಟನ್ ಎಷ್ಟು? ಅದು ಕ್ರೋಮೋಸೋಮ್. ದಾರ ಎಷ್ಟು? ಅದು ಡಿಎನ್‌ಎ. ಕೂಡಿಕೊಂಡಿರುವ ಬಟನ್ ಒಂದೇ ಎಂದು ಲೆಕ್ಕ. ಕೂಡಿಕೊಂಡ ಬಟನ್ನಿನ ಎರಡು ದಾರಗಳಿಗೆ ಮಾತ್ರ ಕ್ರೊಮ್ಯಾಟಿಡ್ ಎಂದು ಹೆಸರು. ಬಟನ್ ಬಿಚ್ಚಿದ ಕ್ಷಣ ಆ ಹೆಸರು ಹೋಗುತ್ತದೆ, ಪ್ರತಿ ಅರ್ಧವೂ ಒಂದು ಕ್ರೋಮೋಸೋಮ್ ಆಗುತ್ತದೆ. ಹಾಗಾಗಿ ಮೈಟೋಸಿಸ್‌ನ ಅನಾಫೇಸಿನಲ್ಲಿ ಕ್ರೊಮ್ಯಾಟಿಡ್ ಎಷ್ಟು ಎಂದರೆ ಕಟ್ಟುನಿಟ್ಟಾಗಿ ಸೊನ್ನೆ. ಕೆಲವು ಕಡೆ 32 ಎಂದೂ ಬರೆಯುತ್ತಾರೆ, ಎಳೆದುಕೊಂಡು ಹೋಗುತ್ತಿರುವವು ಮೊದಲು ಕ್ರೊಮ್ಯಾಟಿಡ್ ಆಗಿದ್ದವು ಎಂಬ ಕಾರಣಕ್ಕೆ. ಉತ್ತರ ಪತ್ರಿಕೆಯಲ್ಲಿ ಯಾವ ಅರ್ಥದಲ್ಲಿ ಬರೆದಿದ್ದೀಯ ಎಂದು ಒಂದು ಮಾತು ಸೇರಿಸು ಎಂದು ಅವಳಿಗೆ ಹೇಳಿದೆ.

ಈರುಳ್ಳಿ ಮೈಟೋಸಿಸ್ ಚಾಪೆ ಮೇಲೆ ಹರಡಿದೆವು. G1ನಲ್ಲಿ 16 ಬಿಡಿ ಅರ್ಧಗಳು, 16 ದಾರ. S ಹಂತ ಎಂದರೆ ಪ್ರತಿಯೊಂದಕ್ಕೂ ಅದೇ ಬಣ್ಣದ ಜೋಡಿ ಒತ್ತುವುದು: 16 ಕೂಡಿದ ಬಟನ್, 32 ದಾರ. ಪ್ರೊಫೇಸ್, ಮೆಟಾಫೇಸ್‌ನಲ್ಲಿ ಯಾವ ಅಂಕಿಯೂ ಬದಲಾಗಲ್ಲ, ಸಾಲಾಗಿ ಜೋಡಿಸುವುದಷ್ಟೇ. ಅನಾಫೇಸ್ ಬಂತು. ಟಿಕ್, ಟಿಕ್, ಟಿಕ್. 32 ಬಿಡಿ ಅರ್ಧ, 32 ದಾರ. "ದಾರ ಜಾಸ್ತಿ ಆಗಲೇ ಇಲ್ಲ, ಆದ್ರೂ ಕ್ರೋಮೋಸೋಮ್ ಡಬಲ್ ಆಯ್ತಲ್ಲ ಮಾಮ!" ಎಂದಳು. ಅವಳು 16 ಎಂದು ಬರೆದದ್ದು ಎಲ್ಲಿ ತಪ್ಪಿತು ಎಂಬುದು ಅವಳಿಗೇ ಗೊತ್ತಾಯಿತು. ಅವಳು ಒಂದು ತುದಿಯಲ್ಲಿರುವುದನ್ನು ಮಾತ್ರ ಎಣಿಸಿದ್ದಳು. ಕೋಶ ಇನ್ನೂ ಒಂದೇ, ತುದಿ ಎರಡು.

ಮಿಯೋಸಿಸ್‌ಗೆ ಈರುಳ್ಳಿಯ ಬೇರು ಬಿಟ್ಟು ಹೂವಿನ ಮೊಗ್ಗಿಗೆ ಹೋಗಬೇಕು. ಮೊದಲ ಪ್ರೊಫೇಸಿನಲ್ಲಿ ಕೆಂಪು ಬಟನ್ ಪಕ್ಕಕ್ಕೆ ಅದರ ಜೊತೆಯ ಹಳದಿ ಬಟನ್ ಬಂದು ಕೂರುತ್ತದೆ. 8 ಜೋಡಿ, ಆದರೆ ಬಟನ್ 16, ದಾರ 32. ಮೊದಲ ಅನಾಫೇಸಿನಲ್ಲಿ ಜೋಡಿ ಬೇರೆಯಾಗುತ್ತದೆ, ಬಟನ್ ಬಿಚ್ಚುವುದಿಲ್ಲ. ಕೋಶದಲ್ಲಿ ಕ್ರೋಮೋಸೋಮ್ 16, ಕ್ರೊಮ್ಯಾಟಿಡ್ 32, ಡಿಎನ್‌ಎ 32. ಕೋಶ ಒಡೆದ ಮೇಲೆ ಪ್ರತಿ ಕಡೆ 8 ಬಟನ್, 16 ದಾರ. ಎರಡನೇ ಅನಾಫೇಸಿನಲ್ಲಿ ಈಗ ಟಿಕ್: 16 ಮತ್ತು 16. ಕೊನೆಗೆ ಪ್ರತಿ ಕೋಶಕ್ಕೆ 8 ಮತ್ತು 8.

n–C ಬಿಟ್ಟುಹೋದ ಪ್ರಶ್ನೆಗೆ ಬಣ್ಣ ಉತ್ತರ ಕೊಟ್ಟಿತು. G1 ಕೋಶದ 16ರಲ್ಲಿ ಪ್ರತಿ ಕೆಂಪಿಗೂ ಒಂದು ಹಳದಿ ಜೊತೆ ಇದೆ. ಎರಡನೇ ಅನಾಫೇಸಿನ 16ರಲ್ಲಿ ಕೆಂಪಿಗೆ ಕೆಂಪೇ ಜೊತೆ, ಹಳದಿಗೆ ಹಳದಿಯೇ. ಎರಡು ಸೆಟ್ ಅಲ್ಲ, ಒಂದೇ ಸೆಟ್ಟಿನ ಎರಡು ಪ್ರತಿ. ನಿಜವಾದ ಕೋಶದಲ್ಲಿ ಕ್ರಾಸಿಂಗ್ ಓವರ್ ಆಗಿ ದಾರದ ತುದಿಗಳ ಬಣ್ಣ ಅದಲುಬದಲಾಗಿರುತ್ತದೆ, ಆದರೆ ಎಣಿಕೆ ಅದರಿಂದ ಬದಲಾಗುವುದಿಲ್ಲ.

ಬಟನ್ ಮಾದರಿಗೂ ಕೊರತೆ ಇದೆ. ನಿಜವಾದ ಕ್ರೋಮೋಸೋಮಿನಲ್ಲಿ ಸೆಂಟ್ರೊಮಿಯರ್ ಒಂದೇ ಹಿಡಿದುಕೊಂಡಿರುವುದಿಲ್ಲ. ಕೊಹೆಸಿನ್ ಎಂಬ ಪ್ರೋಟೀನು ಎರಡು ದಾರಗಳನ್ನೂ ಉದ್ದಕ್ಕೆ ಕಟ್ಟಿಹಾಕಿರುತ್ತದೆ. ಮೊದಲ ಅನಾಫೇಸಿನಲ್ಲಿ ತೋಳುಗಳ ಉದ್ದಕ್ಕೂ ಇರುವ ಕಟ್ಟು ಕತ್ತರಿಸಿಹೋಗುತ್ತದೆ, ಸೆಂಟ್ರೊಮಿಯರ್ ಬಳಿಯದು ಉಳಿಯುತ್ತದೆ. ಅಲ್ಲಿ ಕಾವಲಿರುವ ಪ್ರೋಟೀನಿಗೆ ಶುಗೋಶಿನ್ ಎಂದು ಹೆಸರು, ಜಪಾನಿ ಭಾಷೆಯಲ್ಲಿ ಕಾಯುವ ದೈವ ಎಂದರ್ಥ. ನಮ್ಮೂರ ಕಡೆ ಭೂತ ಕಾಯುತ್ತೆ ಅನ್ನುತ್ತಾರಲ್ಲ, ಹಾಗೆ. ಇನ್ನು ನಮ್ಮ ಡಬ್ಬಿಯಲ್ಲಿ ಎರಡು ಬಟನ್ ಸಡಿಲ ಇದ್ದು ಮೊದಲ ಅನಾಫೇಸಿನಲ್ಲೇ ಬಿಚ್ಚಿಕೊಂಡವು. ಕೋಶದಲ್ಲೂ ಅಂಥ ಎಡವಟ್ಟು ಆಗುವುದುಂಟು, ಆಗ ಕೊನೆಯ ಎಣಿಕೆ ಒಂದು ಹೆಚ್ಚು ಅಥವಾ ಒಂದು ಕಡಿಮೆ ಬರಬಹುದು. ಮನುಷ್ಯನ 46ಕ್ಕೆ ಬಟನ್ ಕಟ್ಟಲು ಹೋಗಬೇಡಿ, ಬೆರಳು ನೋಯುತ್ತದೆ. ಮೂರು ಜೋಡಿ ಸಾಕು. ಪರೀಕ್ಷೆಯಲ್ಲಿ ಬಟನ್ ಬದಲು ಚುಕ್ಕಿ, ದಾರದ ಬದಲು ಗೆರೆ.

ಈಗ ಮಿಡತೆ. ಮರುಭೂಮಿ ಮಿಡತೆಯ ಗಂಡಿಗೆ 23 ಕ್ರೋಮೋಸೋಮ್, ಹೆಣ್ಣಿಗೆ 24. ಗಂಡಿಗೆ X ಒಂದೇ, Y ಇಲ್ಲವೇ ಇಲ್ಲ. ವೀರ್ಯಾಣುವಿನಲ್ಲಿ ಎಷ್ಟು ಕ್ರೋಮೋಸೋಮ್?

ಕೋಷ್ಟಕದಲ್ಲಿ ಈ ಸಾಲೇ ಇರಲಿಲ್ಲ. n–C ಹಿಡಿದರೆ 2n = 23, ಹಾಗಾದರೆ n = 11.5. ಅರ್ಧ ಕ್ರೋಮೋಸೋಮ್! ಅವಳು ನಕ್ಕು ಪೆನ್ ಕೆಳಗಿಟ್ಟಳು. ಬಟನ್ ತೆಗೆದುಕೊಂಡೆವು. S ಹಂತದ ನಂತರ 23 ಬಟನ್, 46 ದಾರ. ಮೊದಲ ಪ್ರೊಫೇಸಿನಲ್ಲಿ 11 ಜೋಡಿ, ಒಂದು ಒಂಟಿ X. ಮೊದಲ ಅನಾಫೇಸಿನಲ್ಲಿ ಜೋಡಿಗಳು ಬೇರೆಯಾಗುತ್ತವೆ, ಒಂಟಿ X ಬಟನ್ ಬಿಚ್ಚದೆ ಇಡಿಯಾಗಿ ಒಂದು ಕಡೆಗೆ ಹೋಗುತ್ತದೆ. ಒಂದು ಕೋಶಕ್ಕೆ 12 ಬಟನ್, 24 ದಾರ. ಇನ್ನೊಂದಕ್ಕೆ 11 ಬಟನ್, 22 ದಾರ. ಎರಡೂ ಕೂಡಿಸಿದರೆ 46 ದಾರ, ಲೆಕ್ಕ ತಾಳೆಯಾಯಿತು. ಎರಡನೇ ಅನಾಫೇಸಿನಲ್ಲಿ ಒಂದರಲ್ಲಿ 24 ಬಿಡಿ ಅರ್ಧ, ಇನ್ನೊಂದರಲ್ಲಿ 22. ಕೊನೆಗೆ ನಾಲ್ಕು ಕೋಶ: ಎರಡರಲ್ಲಿ 12, ಎರಡರಲ್ಲಿ 11.

ಅವಳು ಚಾಪೆ ಮೇಲಿನ ನಾಲ್ಕು ಗುಂಪುಗಳನ್ನು ಮತ್ತೆ ಎಣಿಸಿದಳು. ಹೆಣ್ಣಿನ ಮೊಟ್ಟೆಯಲ್ಲಿ ಯಾವಾಗಲೂ 12 ಇರುತ್ತದೆ ಎಂದೆ. ಅವಳು 12ರ ಗುಂಪನ್ನೂ 11ರ ಗುಂಪನ್ನೂ ಒಂದೊಂದಾಗಿ ಮುಟ್ಟಿ, "ಇದಕ್ಕೆ ಸೇರಿದ್ರೆ ಹೆಣ್ಣು, ಇದಕ್ಕಾದ್ರೆ ಗಂಡು" ಎಂದಳು. ಆಮೇಲೆ ಅಮ್ಮ ಬಂದು ರವಿಕೆ ಬಟನ್ ಎಲ್ಲಿ ಎಂದು ಕೇಳಿದರು.