ಸಂಪಾದಿತ ಪುಸ್ತಕದ ಒಂದು ಅಧ್ಯಾಯ: ಎಪಿಎ, ಎಂಎಲ್‌ಎ, ಶಿಕಾಗೊ

ಎಸ್. ರಾವ್ ಸಂಪಾದಿಸಿದ ಪುಸ್ತಕ, ಎರಡನೇ ಆವೃತ್ತಿ, ಅದರಲ್ಲಿ ಬೇರೊಬ್ಬರ ಅಧ್ಯಾಯ, ಅದನ್ನು ನಿಮ್ಮ ಗ್ರಂಥಸೂಚಿಯಲ್ಲಿ ಹಾಕಬೇಕು ಎಂದುಕೊಳ್ಳಿ. ಮೂರೂ ಉಲ್ಲೇಖ ಶೈಲಿಯಲ್ಲಿ ಅಧ್ಯಾಯ ಬರೆದವರ ಹೆಸರೇ ಮೊದಲು. ಸಂಪಾದಕರನ್ನು ಮುಂದೆ ತಂದರೆ ತಪ್ಪು.

ಎಪಿಎ 7ರಲ್ಲಿ ಪುಸ್ತಕದ ಹೆಸರಿಗೆ ಮುಂಚೆ `In S. Rao (Ed.),` ಬರುತ್ತದೆ. ಲೇಖಕರ ಹೆಸರಿನಂತೆ ಇದನ್ನು ತಿರುಗಿಸಿ `Rao, S.` ಮಾಡಬಾರದು. ಜಾಸ್ತಿ ಜನ ಎಡವುವುದು ಇಲ್ಲೇ. ಪುಸ್ತಕದ ಹೆಸರಾದ ಮೇಲೆ ಆವೃತ್ತಿ, ಪುಟಗಳು ಒಂದೇ ಆವರಣದಲ್ಲಿ: `(2nd ed., pp. 45–60)`. ದೊಡ್ಡ `Ed.` ಅಂದರೆ ಸಂಪಾದಕರು, ಸಣ್ಣ `ed.` ಅಂದರೆ ಆವೃತ್ತಿ. ಒಂದಕ್ಷರದ ಆಟ, ಅಲ್ವಾ?

ಎಂಎಲ್‌ಎ 9ರಲ್ಲಿ ಈ ಗೊಂದಲವಿಲ್ಲ. ಅಲ್ಲಿ ಪುಸ್ತಕದ ಹೆಸರಾದ ಮೇಲೆ `edited by` ಎಂದೇ ಬಿಡಿಸಿ ಬರೆಯುತ್ತಾರೆ. ಶಿಕಾಗೊದಲ್ಲೂ ಹಾಗೇ, ಆದರೆ ಪುಸ್ತಕದ ಹೆಸರಿಗೆ ಮುಂಚೆ `In` ಸೇರುತ್ತದೆ.

ಪ್ರಕಾಶಕರ ಊರು? ಎಂಎಲ್‌ಎ 2016ರಲ್ಲೇ ಬಿಟ್ಟಿತು, ಎಪಿಎ 7 ಕೂಡ ಬಿಟ್ಟಿತು. ಶಿಕಾಗೊ 17 ಕೇಳುತ್ತಿತ್ತು, 2024ರ 18ನೇ ಆವೃತ್ತಿ 1900ರ ನಂತರದ ಪುಸ್ತಕಗಳಿಗೆ ಬೇಡ ಎನ್ನುತ್ತದೆ. ನಿಮ್ಮ ವಿಭಾಗ ಇನ್ನೂ 17ರಲ್ಲೇ ಇದ್ದರೆ ಊರು ಹಾಕಲೇಬೇಕು, ಮೊದಲು ಅದನ್ನು ಕೇಳಿಕೊಳ್ಳಿ. ಆಯ್ಕೆ ನಿಮ್ಮದೇ ಆದರೆ ನಾನು ಎಂಎಲ್‌ಎ ಹಿಡಿಯುತ್ತೇನೆ.