ಮುಖಕ್ಕೆ ಕಳೆ ಬರಲಿ ಅಂತ ಹೈಲೈಟ್ಸ್ ಮಾಡಿಸುವ ಮುಂಚೆ, ಟೋನರ್ ಕೆಳಗೆ ಯಾವ ಬಣ್ಣ ಇರುತ್ತದೆ ಅಂತ ಕೇಳಿ

ನನ್ನ ಮೈಬಣ್ಣ ಮೊದಲಿನಿಂದಲೂ ಸ್ವಲ್ಪ ಹಳದಿ ಕಡೆಗೇ. ಎರಡು ದಿನ ನಿದ್ದೆ ಕೆಟ್ಟರೆ ಸಾಕು, ಮುಖ ಪೂರ್ತಿ ಬಾಡಿದ ಹಾಗೆ ಕಾಣುತ್ತದೆ. ಮುಖದ ಪಕ್ಕದ ಕೂದಲಿಗೆ ತಿಳಿ ಬಣ್ಣದ ಹೈಲೈಟ್ಸ್ ಹಾಕಿಸಿದರೆ ಮುಖಕ್ಕೆ ಬೆಳಕು ಬರುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ ಅಲ್ವಾ, ನಾನೂ ಅದನ್ನೇ ನಂಬಿ ಒಂದು ಫೋಟೋ ಹಿಡಿದುಕೊಂಡು ಪಾರ್ಲರ್‌ಗೆ ಹೋದೆ. ಹಣೆಯ ಎರಡೂ ಬದಿಗೆ ಅಗಲವಾದ ಆಶ್ ಬ್ಲಾಂಡ್ ಪಟ್ಟಿ, ಅಂದರೆ ಬೂದು ಛಾಯೆಯ ತಿಳಿ ಬಣ್ಣ. ಒಂದು ತಿಂಗಳು ತುಂಬುವ ಹೊತ್ತಿಗೆ ನನ್ನ ಮುಖ ಮೊದಲಿಗಿಂತ ಜಾಸ್ತಿ ಹಳದಿ ಕಾಣುತ್ತಿತ್ತು, ಹಣೆಯಂಚಿನ ಕೂದಲು ಮುರಿದು ಪೊರಕೆ ಕಡ್ಡಿಯ ಹಾಗೆ ನಿಂತಿತ್ತು. ನನ್ನಂಥ ಮೈಬಣ್ಣ, ಕಪ್ಪು ಕೂದಲು ಇರುವವರು ಇದನ್ನು ಓದಿಕೊಂಡೇ ಮುಂದೆ ಹೋಗಿ.

ನಡೆದದ್ದು ಹೀಗೆ. ಕೂದಲಿನ ಬಣ್ಣವನ್ನು 1ರಿಂದ 10ರವರೆಗಿನ ಲೆವೆಲ್‌ನಲ್ಲಿ ಅಳೆಯುತ್ತಾರೆ. 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ. ನನ್ನದು 3. ಫೋಟೋದಲ್ಲಿದ್ದದ್ದು 8 ಅಥವಾ 9. ಅಲ್ಲಿಗೆ ಹೋಗಬೇಕಾದರೆ ಬ್ಲೀಚ್ ಬೇಕೇ ಬೇಕು. ಬ್ಲೀಚ್ ಹಚ್ಚಿದ ಕಪ್ಪು ಕೂದಲು ನೇರವಾಗಿ ಬೆಳ್ಳಗಾಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ತೀರಾ ತಿಳಿ ಹಳದಿ. ನಮ್ಮ ಕೂದಲೊಳಗೆ ಇರುವ ಬಣ್ಣವೇ ಹಾಗೆ ಒಂದೊಂದಾಗಿ ಹೊರಗೆ ಬರುತ್ತದೆ. ನನ್ನ ಕೂದಲು 7ರವರೆಗೆ ಹೋಗಿ ನಿಂತಿತು, ಕಿತ್ತಳೆ ಬೆರೆತ ಹಳದಿ. ಅದರ ಮೇಲೆ ಬೂದು ಟೋನರ್, ಅಂದರೆ ಬ್ಲೀಚ್ ಆದ ಕೂದಲಿನ ಛಾಯೆ ತಿದ್ದುವ ಬಣ್ಣ ಹಚ್ಚಿ, ತೊಳೆದು, ಬ್ಲೋ ಡ್ರೈ ಮಾಡಿ ಕನ್ನಡಿ ತೋರಿಸಿದರು. ಅಲ್ಲಿನ ಬೆಚ್ಚನೆ ಬೆಳಕಿನಲ್ಲಿ, ಮುಖದ ಮೇಲೆ ಮೇಕಪ್ ಇರುವಾಗ ಚೆನ್ನಾಗಿಯೇ ಕಂಡಿತು.

ಮಾರನೇ ದಿನ ಮುಖ ತೊಳೆದು ಕಿಟಕಿ ಪಕ್ಕ ನಿಂತಾಗ ಕಣ್ಣ ಕೆಳಗಿನ ಕಪ್ಪು ಎದ್ದು ಕಾಣುತ್ತಿತ್ತು. ಹಳದಿ ಛಾಯೆಯ ಚರ್ಮದ ಪಕ್ಕದಲ್ಲೇ ಬೂದು ಬಣ್ಣ ಬಂದರೆ ಮುಖದಲ್ಲಿ ಇರುವ ಸ್ವಲ್ಪ ಗುಲಾಬಿಯೂ ಅಡಗಿಹೋಗುತ್ತದೆ. ಜೊತೆಗೆ ಕಪ್ಪು ಕೂದಲು ಮುಖಕ್ಕೆ ಕೊಡುತ್ತಿದ್ದ ಅಂಚು ಹೋಗಿತ್ತು, ಮುಖ ಯಾವುದು ಕೂದಲು ಯಾವುದು ಅನ್ನುವ ಹಾಗೆ ಎಲ್ಲ ಒಂದೇ ಮಟ್ಟಕ್ಕೆ ಬಂದಿತ್ತು. ಎದುರಿಗೆ ಸಿಕ್ಕವರೆಲ್ಲ ಹುಷಾರಿಲ್ವಾ ಅಂತ ಕೇಳಿದರು.

ನಿಜವಾದ ತೊಂದರೆ ಶುರುವಾಗಿದ್ದು ಮೂರನೇ ವಾರದಲ್ಲಿ. ಟೋನರ್ ಕೂದಲಲ್ಲಿ ಕಾಯಂ ಆಗಿ ಉಳಿಯುವುದಿಲ್ಲ. ಸಾಮಾನ್ಯವಾಗಿ 4ರಿಂದ 6 ವಾರ, ನನ್ನ ಹಾಗೆ ದಿನ ಬಿಟ್ಟು ದಿನ ತಲೆಗೆ ಶಾಂಪೂ ಹಾಕುವವರಿಗೆ ಇನ್ನೂ ಬೇಗ ಇಳಿದುಹೋಗುತ್ತದೆ. ಬೂದು ಇಳಿದಂತೆ ಕೆಳಗಿದ್ದ ಕಿತ್ತಳೆ ಹಳದಿ ಮೇಲೆ ಬಂತು, ಅದೂ ಸರಿಯಾಗಿ ಕೆನ್ನೆಯ ಪಕ್ಕದಲ್ಲಿ. ಹಳದಿ ಕುಪ್ಪಸ ಹಾಕಿದರೆ ಕೆಲವರ ಮುಖ ಹೇಗೆ ಹಳದಿ ಹೊಡೆಯುತ್ತದೋ ಹಾಗೆಯೇ ಇದೂ. ವ್ಯತ್ಯಾಸ ಏನೆಂದರೆ ಕುಪ್ಪಸ ಬಿಚ್ಚಿಡಬಹುದು.

ಆಗ ಪರ್ಪಲ್ ಶಾಂಪೂ ತಂದೆ. ಎರಡು ವಾರ ಹಚ್ಚಿದೆ, ಕಿತ್ತಳೆ ಅಲ್ಲಾಡಲಿಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ: ನೇರಳೆ ಬಣ್ಣ ಹಳದಿಯನ್ನು ಕಡಿಮೆ ಮಾಡುತ್ತದೆ, ಕಿತ್ತಳೆಗೆ ಬೇಕಾಗಿರುವುದು ನೀಲಿ. 7ರ ಹತ್ತಿರ ನಿಂತ ಕೂದಲಿಗೆ ಪರ್ಪಲ್ ಶಾಂಪೂ ಎಷ್ಟು ತಿಕ್ಕಿದರೂ ಕೂದಲು ಒಣಗುವುದೇ ಬಂತು. ಅಷ್ಟರಲ್ಲಿ ಹಣೆಯಂಚಿನ ಕೂದಲು ಬಾಚಣಿಗೆಯಲ್ಲಿ ತುಂಡುತುಂಡಾಗಿ ಬರಲು ಶುರುವಾಯಿತು. ಪಾರ್ಲರ್‌ನವರು ಬ್ಲೀಚ್‌ಗೆ ಬೆರೆಸುವ ಡೆವಲಪರ್ 30 ವಾಲ್ಯೂಮ್‌ನದು ಬಳಸಿದ್ದರು, ಅಂದರೆ 9 ಶೇಕಡಾ ಪೆರಾಕ್ಸೈಡ್. ಹಿಂದಲೆಯ ದಪ್ಪ ಕೂದಲು ಅದನ್ನು ತಡೆದುಕೊಳ್ಳಬಹುದೇನೋ, ಹಣೆಯಂಚಿನ ಕೂದಲು ತೀರಾ ನವಿರು. ಅಲ್ಲಿ ಬ್ಲೀಚ್ ಬೇಗ ಹತ್ತುತ್ತದೆ. ಆ ಭಾಗಕ್ಕೆ 20 ವಾಲ್ಯೂಮ್ ಅಥವಾ ಅದಕ್ಕಿಂತ ಕಡಿಮೆಯದನ್ನು, ಎಲ್ಲ ಆದ ಮೇಲೆ ಕೊನೆಗೆ ಹಚ್ಚಬೇಕಿತ್ತು. ನನಗೆ ಮೊದಲು ಹಚ್ಚಿದ್ದೇ ಅಲ್ಲಿಗೆ.

ಸರಿ ಮಾಡಿಸಲು ಬೇರೆ ಒಬ್ಬರ ಹತ್ತಿರ ಹೋದೆ. ಅವರು ಕೂದಲು ಮುಟ್ಟುವ ಮುಂಚೆ ನನ್ನ ಮೇಕಪ್ ತೆಗೆಸಿ, ಕಿಟಕಿ ಪಕ್ಕ ಹಗಲು ಬೆಳಕಿಗೆ ಕೂರಿಸಿದರು. ಗಲ್ಲದ ಕೆಳಗೆ ಒಂದೊಂದೇ ಬಟ್ಟೆ ಹಿಡಿದು ನೋಡಿದರು: ಬೂದು, ಸಾಸಿವೆ ಹಳದಿ, ಕೆಂಪು ಮಿಶ್ರಿತ ಕಂದು. ಬೂದು ಹಿಡಿದಾಗ ಮುಖ ಸೊರಗಿತು, ಹಳದಿ ಹಿಡಿದಾಗ ಇನ್ನೂ ಹಳದಿಯಾಯಿತು. ಕೆಂಗಂದು ಬಟ್ಟೆ ಹಿಡಿದ ಕೂಡಲೇ ಕೆನ್ನೆಗೆ ರಕ್ತ ಬಂದ ಹಾಗೆ ಕಂಡಿತು, ನನಗೇ ಆಶ್ಚರ್ಯವಾಯಿತು. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು, ಬೀರುವಿನಲ್ಲಿರುವ ಬಟ್ಟೆಯೇ ಸಾಕು. ಒಂದು ಮಾತು, ಮೈಬಣ್ಣದ ಹಳದಿ ಇತ್ತೀಚೆಗೆ ಬಂದಿದ್ದರೆ, ಅಥವಾ ಕಣ್ಣಿನ ಬಿಳಿ ಭಾಗವೂ ಹಳದಿಯಾಗಿದ್ದರೆ ಕೂದಲಿನ ಮಾತು ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಅವರು ಹೇಳಿದ ವಿಷಯ ನನಗೆ ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನನ್ನಂಥ 3ರ ಕೂದಲನ್ನು 5ರವರೆಗೆ ಮಾತ್ರ ತಿಳಿ ಮಾಡಿದರೆ ಒಳಗಿಂದ ಬರುವ ಬಣ್ಣ ಹೆಚ್ಚಾಗಿ ಕೆಂಪು ಕಡೆಯದು. ಮೇಲೆ ಹಚ್ಚಿದ ಟೋನರ್ ಇಳಿದರೂ ಉಳಿಯುವುದು ಕೆಂಗಂದು, ನನ್ನ ಮುಖಕ್ಕೆ ಹೊಂದುವ ಬಣ್ಣವೇ. 7, 8ಕ್ಕೆ ಹೋದರೆ ಉಳಿಯುವುದು ಹಳದಿ, ಅದನ್ನು ಮುಚ್ಚುತ್ತಲೇ ಇರಬೇಕು. ಹಾಗಾಗಿ ಫೋಟೋದಲ್ಲಿ ಕಾಣುವ ಮೊದಲ ದಿನದ ಬಣ್ಣ ಸುಮ್ನೆ ನೋಡಿ ಒಪ್ಪಬೇಡಿ. ಟೋನರ್ ಪೂರ್ತಿ ಹೋದ ಮೇಲೆ ಹೇಗಿರುತ್ತದೆ ಅಂತ ಕೇಳಿ. ಹಿಂದಲೆಯ ಒಂದು ಸಣ್ಣ ಎಳೆಗೆ ಬ್ಲೀಚ್ ಹಚ್ಚಿ, ತೊಳೆದು, ಟೋನರ್ ಇಲ್ಲದೆ ಒಣಗಿಸಿ, ಕೆನ್ನೆಗೆ ಹಿಡಿದು ತೋರಿಸಲು ಹೇಳಿ. ಅದಕ್ಕೆ ಒಪ್ಪದವರ ಹತ್ತಿರ ಮಾಡಿಸಬೇಡಿ.

ನನ್ನ ಪಟ್ಟಿಗಳಿಗೆ ಅವರು ಮತ್ತೆ ಬ್ಲೀಚ್ ಮುಟ್ಟಿಸಲಿಲ್ಲ. ಕಡಿಮೆ ಶಕ್ತಿಯ ಡೆವಲಪರ್ ಜೊತೆ 5ರ ಚೆಸ್ಟ್‌ನಟ್ ಕಂದು, ಸ್ವಲ್ಪ ಕೆಂಪು ಬೆರೆಸಿ ಹಚ್ಚಿದರು. ಬರೀ ಆಶ್ ಕಂದು ಹಚ್ಚಿದ್ದರೆ ಬ್ಲೀಚ್ ಆದ ಹಳದಿ ಕೂದಲು ಪಾಚಿ ಬಣ್ಣಕ್ಕೆ ತಿರುಗುವ ಸಾಧ್ಯತೆ ಇತ್ತಂತೆ. ಪಟ್ಟಿಯ ಬುಡವನ್ನು ನನ್ನ ಸ್ವಂತ ಬಣ್ಣಕ್ಕೇ ಸೇರಿಸಿದರು, ಕೆನ್ನೆಮೂಳೆಯ ಮಟ್ಟದಿಂದ ಕೆಳಗೆ ಮಾತ್ರ ತೆಳ್ಳಗೆ ನಾಲ್ಕೈದು ಎಳೆ ಒಂದು ಛಾಯೆ ತಿಳಿಯಾಗಿ ಬಿಟ್ಟರು. ಹಣೆ ಹತ್ತಿರ ಕಪ್ಪು ವಾಪಸ್ ಬಂದದ್ದೇ ಮುಖಕ್ಕೆ ಅಂಚು ಬಂತು. ಆದರೂ ಹಳೆ ಬ್ಲೀಚ್ ಕೂದಲು ಬಣ್ಣ ಹಿಡಿದಿಟ್ಟುಕೊಳ್ಳುವುದಿಲ್ಲ, ಅದು ಬೆಳೆದು ಕತ್ತರಿಸಿ ಹೋಗುವವರೆಗೆ ಆರು ವಾರಕ್ಕೊಮ್ಮೆ ಮತ್ತೆ ಹಚ್ಚಿಸಬೇಕು. ಹಣೆಯಂಚಿನ ಮುರಿದ ಕೂದಲು ಈಗ ಎರಡು ಬೆರಳು ಅಗಲದಷ್ಟು ಬೆಳೆದಿದೆ, ಅದಕ್ಕೆ ನಾನು ಯಾವ ಬಣ್ಣವನ್ನೂ ಹಚ್ಚಿಸುತ್ತಿಲ್ಲ.