ಪ್ರೀ-ಆರ್ಡರ್ ಅಂತ 1,04,000 ಕಟ್ಟಿ ನಾಲ್ಕು ತಿಂಗಳು ಕಾದೆ, ನೀವು ಕಾಯ್ಬೇಡ್ರಿ

ಬರೀಬೇಕೋ ಬೇಡ್ವೋ ಅಂತ ಎರಡು ವಾರ ಯೋಚನೆ ಮಾಡ್ದೆ, ಯಾಕಂದ್ರೆ ನಾಚಿಕೆ ಆಗುತ್ತೆ. ದಾವಣಗೆರೇಲಿ ಹದಿಮೂರು ವರ್ಷದಿಂದ ಮದುವೆ ಫೋಟೋಗ್ರಫಿ ಮಾಡ್ತಿದೀನಿ, ಸಾಮಾನು ತಗೊಳ್ಳೋದ್ರಲ್ಲಿ ನಾನೇ ಹುಡುಗ್ರಿಗೆ ಬುದ್ಧಿ ಹೇಳೋನು, ಅಂಥೋನೇ ಹೋಗಿ ಬಿದ್ದೆ.

ಹೊಸ ಜೂಮ್ ಲೆನ್ಸ್ ಬರುತ್ತೆ ಅಂತ ಕಂಪನಿಯೋರು ಹೇಳಿದ್ರು. ಡಿಸೆಂಬರ್ 8ಕ್ಕೆ ಒಂದು ಆನ್‌ಲೈನ್ ಕ್ಯಾಮೆರಾ ಅಂಗಡೀಲಿ (ಹೆಸ್ರು ಹೇಳಲ್ಲ, ಕೇಳ್ಬೇಡ್ರಿ) ಬುಕ್ ಮಾಡ್ದೆ. ಪ್ರೀ-ಆರ್ಡರ್ ಮಾಡಿದ್ರೆ ಬ್ಯಾಗ್ ಫ್ರೀ ಅಂತೆ. ಬ್ಯಾಗಿನ ಆಸೆಗೆ 1,04,000 ಪೂರ್ತಿ ದುಡ್ಡು ಕ್ರೆಡಿಟ್ ಕಾರ್ಡಲ್ಲಿ ಆರು ತಿಂಗಳ ಇಎಂಐ ಹಾಕಿ ಕಟ್ಬಿಟ್ಟೆ. ಪೇಜಲ್ಲಿ ಜನವರಿ 20ಕ್ಕೆ ಕಳಿಸ್ತೀವಿ ಅಂತ ಇತ್ತು. ಏಪ್ರಿಲ್ ಕೊನೇಲಿ ಹರಿಹರದಲ್ಲಿ ದೊಡ್ಡ ಮದುವೆ ಒಪ್ಕೊಂಡಿದ್ದೆ, ಅಷ್ಟರೊಳಗೆ ಆರಾಮಾಗಿ ಬರುತ್ತೆ ಅನ್ಕೊಂಡೆ.

ಮಾಮೂಲಿ ಆರ್ಡರ್ ಅಂದ್ರೆ ಸಾಮಾನು ಅವರ ಗೋಡೌನಲ್ಲಿ ಇರುತ್ತೆ, ನಾಳೆ ನಾಳಿದ್ದು ಪ್ಯಾಕ್ ಆಗುತ್ತೆ. ಪ್ರೀ-ಆರ್ಡರ್ ಅಂದ್ರೆ ಸಾಮಾನು ಮಾರ್ಕೆಟ್ಟಿಗೇ ಬಂದಿರಲ್ಲ, ಡೇಟು ಕಂಪನೀದು, ಅಂಗಡಿಯೋನು ಕೇಳಿದ್ದನ್ನ ನಮಗೆ ಹೇಳ್ತಾನೆ ಅಷ್ಟೆ. ಬ್ಯಾಕ್‌ಆರ್ಡರ್ ಅಂದ್ರೆ ಸಾಮಾನು ರಿಲೀಸ್ ಆಗಿರುತ್ತೆ, ಬೇರೆ ಕಡೆ ಸಿಗ್ತಾನೂ ಇರ್ಬಹುದು, *ಇವನ ಹತ್ರ* ಇರಲ್ಲ. ಇದು ನನಗೂ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ದು ಏನಂದ್ರೆ, ಪ್ರೀ-ಆರ್ಡರ್ ಒಂದು ದಿನ ಸದ್ದಿಲ್ದೆ ಬ್ಯಾಕ್‌ಆರ್ಡರ್ ಆಗ್ಬಿಡುತ್ತೆ, ಯಾರೂ ಫೋನ್ ಮಾಡಿ ಹೇಳಲ್ಲ.

ಮೊದಲ್ನೇ ಸಲ ಡೇಟು ಹೋಗಿದ್ದು ನಿಜವಾಗ್ಲೂ ಕಂಪನೀದೇ ತಡ. ಕಂಪನಿ ಸೈಟಲ್ಲೇ ಫೆಬ್ರವರಿ 12 ಅಂತ ಹಾಕಿದ್ರು. ಸರಿ ಬಿಡಪ್ಪ, ಇದ್ರಲ್ಲಿ ಅಂಗಡಿಯೋನ ತಪ್ಪೇನೂ ಇಲ್ಲ. ಫೆಬ್ರವರಿ 12ಕ್ಕೆ ರಿಲೀಸ್ ಆಯ್ತು. ನಂದು ಬರಲಿಲ್ಲ. ವಾಟ್ಸಾಪಲ್ಲಿ ಕೇಳ್ದೆ, "ಸರ್ ಶಿಪ್‌ಮೆಂಟ್ ಡಿಲೇ, ಫೆಬ್ರವರಿ 28 ಪಕ್ಕಾ" ಅಂದ್ರು. ನಾನು "ಓಕೆ" ಅಂತ ಕಳಿಸ್ದೆ. ಆ ಒಂದು ಓಕೆ ಕಳಿಸಿದ್ದು ನಾನು ಮಾಡಿದ ದೊಡ್ಡ ದಡ್ಡತನ, ಆಮೇಲೆ ಹೇಳ್ತೀನಿ.

ಮಾರ್ಚ್ ಶುರುವಲ್ಲಿ ಚಿತ್ರದುರ್ಗದ ಗೆಳೆಯ ಒಬ್ಬ ಕೆಲ್ಸದ ಮೇಲೆ ಬಂದ, ಬ್ಯಾಗಿಂದ ಅದೇ ಲೆನ್ಸ್ ತೆಗ್ದು ಟೇಬಲ್ ಮೇಲೆ ಇಟ್ಟ. ಬುಕ್ಕಿಂಗ್ ಇಲ್ಲ ಗಿಕ್ಕಿಂಗ್ ಇಲ್ಲ, ಬೆಂಗಳೂರಿಗೆ ಹೋದಾಗ ಅಂಗಡಿಗೆ ನುಗ್ಗಿ ತಗೊಂಡು ಬಂದಿದಾನೆ! "ಅಲ್ಲಲೇ, ನೀನು ಡಿಸೆಂಬರಲ್ಲೇ ದುಡ್ಡು ಕಟ್ಟಿದ್ಯಲ್ಲೋ?" ಅಂದ. ನನಗೆ ಮಾತೇ ಬರಲಿಲ್ಲ. ಅವನ ಎದುರಿಗೇ ನನ್ನ ಆರ್ಡರ್ ಪೇಜ್ ತೆಗ್ದು ನೋಡ್ತೀನಿ, ಮೊದ್ಲು `Pre-order` ಅಂತ ಇದ್ದಿದ್ದು `Backordered` ಅಂತ ಆಗೈತೆ. ಯಾವಾಗ ಆಯ್ತೋ ದೇವ್ರಿಗೇ ಗೊತ್ತು. ಗೆಳೆಯ ಅಷ್ಟಕ್ಕೇ ಬಿಡಲಿಲ್ಲ, ತನ್ನ ಫೋನಲ್ಲಿ ಅದೇ ಅಂಗಡಿ ಸೈಟ್ ತೆಗ್ದು ಲೆನ್ಸ್ ಕಾರ್ಟಿಗೆ ಹಾಕಿ ನಮ್ಮ ಪಿನ್‌ಕೋಡ್ ಹೊಡ್ದ. `In stock`, ಮೂರು ದಿನಕ್ಕೆ ಡೆಲಿವರಿ, ಬೆಲೆ 1,09,500. ನಾನು ಕೊಟ್ಟಿದ್ದಕ್ಕಿಂತ ಐದೂವರೆ ಸಾವಿರ ಜಾಸ್ತಿ. ಅಂದ್ರೆ ಹಳೇ ರೇಟಿಗೆ ದುಡ್ಡು ಕಟ್ಟಿದ ನಾನು ಕಾಯ್ತಾ ಕೂತಿದೀನಿ, ಬಂದ ಸ್ಟಾಕು ಹೊಸ ರೇಟಿಗೆ ಹೊಸಬರಿಗೆ ಹೋಗ್ತಾ ಐತೆ!

ತಕ್ಷಣ ಫೋನ್ ಹಚ್ಚಿದೆ. ಆ ಹುಡುಗ ಹೇಳಿದ್ದು ನೋಡ್ರಿ:

"ಸರ್ ಅದು ಬೇರೆ ಬ್ಯಾಚ್ ಸ್ಟಾಕು."
ಅದೇ ಲೆನ್ಸ್ ತಾನೇ?
"ಅದೇ ಸರ್, ಆದ್ರೆ ಪ್ರೀ-ಆರ್ಡರ್‌ದು ಅಲಾಟ್‌ಮೆಂಟ್ ಬೇರೆ."
ಹಂಗಾದ್ರೆ ನನ್ನ ನಂಬರ್ ಎಷ್ಟನೇದು? ಮುಂದೆ ಎಷ್ಟು ಜನ ಇದಾರೆ?
"ಅದು ಸಿಸ್ಟಮಲ್ಲಿ ತೋರ್ಸಲ್ಲ ಸರ್. ನೀವು ಬೇಕಾದ್ರೆ ಹೊಸ ಆರ್ಡರ್ ಹಾಕಿ, ಹಳೇದು ಆಮೇಲೆ ನೋಡೋಣ."

ಇನ್ನೊಂದು ಲಕ್ಷ ಕಟ್ಬೇಕಂತೆ! ಆ ಸಿಟ್ಟಿಗೆ ಫೋನ್ ಎಸೀಬೇಕು ಅನ್ನಿಸ್ತು.

ಅಲಾಟ್‌ಮೆಂಟ್ ಅನ್ನೋದು ಸುಳ್ಳಲ್ಲ. ಅಂಗಡಿಯೋನು ಐವತ್ತು ಬುಕಿಂಗ್ ತಗೊಂಡಿರ್ತಾನೆ, ಡಿಸ್ಟ್ರಿಬ್ಯೂಟರ್ ಮೊದ್ಲು ಇಪ್ಪತ್ತು ಪೀಸ್ ಕೊಡ್ತಾನೆ ಅನ್ಕೊಳ್ರಿ, ಉಳಿದ ಮೂವತ್ತು ಜನ ಕಾಯ್ಲೇಬೇಕು, ಅದು ಒಪ್ಪೋ ಮಾತು. ಆದ್ರೆ ಬಂದಿದ್ದು ಮೊದ್ಲು ಕಟ್ಟಿದೋರಿಗೆ ಹೋಗ್ಬೇಕಲ್ವಾ? ಸೈಟಲ್ಲಿ ಸ್ಟಾಕ್ ಐತೆ ಅಂತ ತೋರ್ಸಿ ನಿಮ್ಮ ಆರ್ಡರ್ ಮಾತ್ರ ಬಾಕಿ ಇದ್ರೆ, ನಿಮ್ಮ ದುಡ್ಡನ್ನ ಅವನು ಬಡ್ಡಿ ಇಲ್ಲದ ಸಾಲದ ಥರ ಇಟ್ಕೊಂಡಿದಾನೆ ಅಂತ ತಿಳ್ಕೊಳ್ರಿ. ನನಗೆ ಇತ್ತ ಇಎಂಐ ತಿಂಗಳಿಗೆ 17 ಸಾವಿರ ಚಿಲ್ರೆ ಕಟ್ ಆಗ್ತಾನೇ ಇತ್ತು, ಲೆನ್ಸ್ ಇಲ್ದೆ.

ಆಮೇಲೆ ಮಾರ್ಚ್ 20 ಅಂದ್ರು, ಅದೂ ಹೋಯ್ತು. ಕೊನೆಗೆ "ಡೇಟ್ ಹೇಳಕ್ಕಾಗಲ್ಲ ಸರ್". ಕ್ಯಾನ್ಸಲ್ ಮಾಡ್ರಿ ಅಂದ್ರೆ "ಪ್ರೀ-ಆರ್ಡರ್ ಕ್ಯಾನ್ಸಲ್ ಆಗಲ್ಲ, ಸ್ಟೋರ್ ಕ್ರೆಡಿಟ್ ಕೊಡ್ತೀವಿ", ಅಂದ್ರೆ ದುಡ್ಡು ಕೈಗೆ ಬರಲ್ಲ, ಅವರ ಅಂಗಡೀಲೇ ಬೇರೆ ಸಾಮಾನು ತಗೋಬೇಕು. ಮೇಲಿಂದ "ನೀವು ಜಿಎಸ್‌ಟಿ ನಂಬರ್ ಹಾಕಿದೀರಿ, ಗ್ರಾಹಕ ಕಾನೂನು ನಿಮಗೆ ಬರಲ್ಲ" ಅಂತ ಬೇರೆ. ಇದಕ್ಕೆ ಒಂದು ಕ್ಷಣ ಹೆದ್ರಿದೆ, ನಿಜ ಹೇಳ್ಬೇಕು. ಆದ್ರೆ ನಮ್ಮ ಮನೆಯವ್ರ ಅಣ್ಣ ವಕೀಲ್ರು, ಅವರು ಬಿಡಿಸಿ ಹೇಳಿದ್ರು: ಹೊಟ್ಟೆಪಾಡಿಗೆ ಸ್ವಂತ ದುಡಿಯೋಕೆ ಅಂತ ತಗೊಂಡ ಸಾಮಾನಾದ್ರೆ 2019ರ ಕಾಯ್ದೇಲಿ ನಾವೂ ಗ್ರಾಹಕರೇ. 2020ರ ಇ-ಕಾಮರ್ಸ್ ರೂಲ್ಸಲ್ಲಿ, ಹೇಳಿದ ಡೇಟಿಗಿಂತ ತಡ ಆದ್ರೆ ಮಾರೋನು ರಿಫಂಡ್ ಇಲ್ಲ ಅನ್ನಂಗಿಲ್ಲ, ಕೈಮೀರಿದ ಕಾರಣ ಇದ್ರೆ ಮಾತ್ರ ಬೇರೆ. ಹೊಸಬರಿಗೆ ಮೂರು ದಿನಕ್ಕೆ ಕಳಿಸೋನಿಗೆ ಕೈಮೀರಿದ ಕಾರಣ ಎಲ್ಲಿಂದ ಬರ್ಬೇಕು?

ಅಲ್ಲಿಂದ ಫೋನು ಬಿಟ್ಟೆ. ಮಾರ್ಚ್ 22ಕ್ಕೆ ಅವರ ಸೈಟಲ್ಲಿ ಕೆಳಗೆ ಇರೋ ಗ್ರೀವೆನ್ಸ್ ಆಫೀಸರ್ ಮೇಲ್‌ಗೇ ಬರ್ದೆ. ಬುಕಿಂಗ್ ದಿನದ ಪೇಜು, ಡೇಟು ಬದಲಾದ ಮೆಸೇಜುಗಳು, ಗೆಳೆಯನ ಫೋನಿನ `In stock` ಸ್ಕ್ರೀನ್‌ಶಾಟು, ಎಲ್ಲ ಹಾಕಿ, "ಹೊಸ ಡೇಟಿಗೆ ಒಪ್ಪಿಗೆ ಇಲ್ಲ, ಸ್ಟೋರ್ ಕ್ರೆಡಿಟ್ ಬೇಡ, ಕಟ್ಟಿದ ಕಾರ್ಡಿಗೇ ವಾಪಸ್ ಹಾಕಿ" ಅಂತ ಮೂರೇ ಮಾತು. ದೂರು ಸಿಕ್ತು ಅಂತ 48 ಗಂಟೇಲಿ ಹೇಳ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ಅದೂ ಅದೇ ರೂಲ್ಸಲ್ಲೇ ಐತೆ. ಮಾರನೇ ದಿನವೇ ರಿಪ್ಲೈ ಬಂತು, ಬರೀ ಬೆಣ್ಣೆ ಮಾತು. 26ಕ್ಕೆ ಸರ್ಕಾರದ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹಾಕಿ, ಆ ದೂರಿನ ನಂಬರನ್ನ ಅದೇ ಮೇಲ್‌ಗೆ ಸೇರಿಸ್ದೆ. ಏಪ್ರಿಲ್ 9ಕ್ಕೆ ದುಡ್ಡು ಕಾರ್ಡಿಗೆ ಬಂತು.

ಈಗ ಆ ಓಕೆ ವಿಷ್ಯ. ದುಡ್ಡು ಬರದಿದ್ರೆ ಬ್ಯಾಂಕಲ್ಲಿ ಚಾರ್ಜ್‌ಬ್ಯಾಕ್, ಅಂದ್ರೆ ಕಾರ್ಡಿಂದ ಹೋದ ದುಡ್ಡು ವಾಪಸ್ ಕೊಡ್ಸಿ ಅನ್ನೋ ದೂರು, ಹಾಕೋಣ ಅಂತ ಇದ್ದೆ. ಸಾಮಾನು ಬಂದಿಲ್ಲ ಅನ್ನೋ ಕೇಸಿಗೆ ವೀಸಾ ಕಾರ್ಡಲ್ಲಿ ಸಾಮಾನ್ಯವಾಗಿ 120 ದಿನ, ಅದೂ ಸಾಮಾನು ಬರ್ಬೇಕಾಗಿದ್ದ ದಿನದಿಂದ ಲೆಕ್ಕ, ಏನೇ ಆದ್ರೂ ದುಡ್ಡು ಕಟ್ಟಿದ ಮೇಲೆ 540 ದಿನ ದಾಟಂಗಿಲ್ಲ. ನೀವು ಹೊಸ ಡೇಟಿಗೆ ಓಕೆ ಅಂದ್ರೆ, ಡೇಟು ಇನ್ನೂ ಬಂದಿಲ್ಲ, ಗಿರಾಕಿನೇ ಒಪ್ಪಿದಾರೆ ಅಂತ ಅಂಗಡಿಯೋನು ನಿಮ್ಮ ಮೆಸೇಜನ್ನೇ ಬ್ಯಾಂಕಿಗೆ ತೋರಿಸ್ತಾನೆ. ಸ್ಟೋರ್ ಕ್ರೆಡಿಟ್ ತಗೊಂಡ್ರಂತೂ ಅಲ್ಲಿಗೆ ಮುಗೀತು, ರಿಫಂಡ್ ಕೊಟ್ಟಾಯ್ತು ಅಂತಾನೆ. ಬ್ಯಾಂಕಿನೋರು ತಮ್ಮ ಗಡುವು ಇನ್ನೂ ಕಮ್ಮಿ ಇಟ್ಟಿರ್ಬಹುದು, ಮೊದ್ಲೇ ಕೇಳಿ ಇಟ್ಕೊಳ್ರಿ.

ಅದಕ್ಕೇ ಹೇಳೋದು, ಎರಡನೇ ಸಲ ಡೇಟು ಜಾರಿದ ತಕ್ಷಣ ಬರವಣಿಗೇಲಿ ಒಂದೇ ಪ್ರಶ್ನೆ ಕೇಳ್ರಿ: ಕಂಪನಿ ರಿಲೀಸ್ ಮುಂದೆ ಹಾಕಿದ್ಯೋ, ರಿಲೀಸ್ ಆಗಿ ನಿಮಗೆ ಸ್ಟಾಕ್ ಬಂದಿಲ್ವೋ? ಮೊದಲ್ನೇದಾದ್ರೆ ಕಂಪನಿ ಸೈಟಲ್ಲೇ ಕಾಣುತ್ತೆ, ಕಾಯೋದು ಬಿಡೋದು ನಿಮ್ಮಿಷ್ಟ. ಎರಡನೇದಾದ್ರೆ ಬೇರೆಯವರ ಫೋನಲ್ಲಿ ಅದೇ ಅಂಗಡಿ ತೆಗ್ದು ನೋಡ್ರಿ, ನಿಮ್ಮ ಲಾಗಿನಲ್ಲಿ ಬೇಡ. ಪೂರ್ತಿ ದುಡ್ಡು ಮುಂಚೆ ಕೇಳೋನ ಹತ್ರ ನಾನಂತೂ ಇನ್ಮೇಲೆ ಬ್ಯಾಗಲ್ಲ, ಬಂಗಾರ ಫ್ರೀ ಅಂದ್ರೂ ಹೋಗಲ್ಲ.

ಹರಿಹರದ ಮದುವೆಗೆ ಆ ಗೆಳೆಯನ ಲೆನ್ಸೇ ಎರಡು ದಿನ ಬಾಡಿಗೆಗೆ ತಗೊಂಡೆ, ದುಡ್ಡು ಬೇಡ ಅಂದ, ನಾನೇ ಬಲವಂತ ಮಾಡಿ ಕೊಟ್ಟೆ. ಇಎಂಐ ಪ್ರೊಸೆಸಿಂಗ್ ಫೀ, ಬಡ್ಡಿ ಮೇಲಿನ ಜಿಎಸ್‌ಟಿ ಮಾತ್ರ ವಾಪಸ್ ಬಂದಿಲ್ಲ. ಅಂಗಡಿಯೋನು ಬ್ಯಾಂಕ್ ಕೇಳಿ ಅಂತಾನೆ, ಬ್ಯಾಂಕಿನೋರು ಅಂಗಡಿ ಕೇಳಿ ಅಂತಾರೆ. ನಾಳೆ ಬ್ರ್ಯಾಂಚಿಗೇ ಹೋಗ್ತಿದೀನಿ.